ಆಡಿಟರ್ ನಿಜವಾಗಿ ಏನನ್ನು ನೋಡುತ್ತಾರೆ?

(ಒಕ್ಕೂಟದ ಪ್ರತಿನಿಧಿಗಳು ಮತ್ತು ಸಂಘಗಳ ಪುಸ್ತಕ ಬರಹಗಾರ್ತಿಯರ ತರಬೇತಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಕಚೇರಿಯ ಫೋನಿಗೆ ಬಿಡುವಿಲ್ಲ. "ಸಿಸ್ಟರ್, ಆಡಿಟ್‌ನವರು ಯಾವತ್ತು ಬರ್ತಾರೆ? ನಮ್ಮದು ಎರಡು ತಿಂಗಳ ಲೆಕ್ಕ ಬರೆಯೋದು ಬಾಕಿ ಇದೆ" ಎಂದು ಕೆಲವರು. "ಹೇಗೂ ಆಡಿಟರ್ ಬಂದು ಲೆಕ್ಕ ಸರಿ ಮಾಡಿ ಕೊಡ್ತಾರಲ್ಲ ಸಿಸ್ಟರ್, ಅಲ್ಲಿವರೆಗೆ ಹಾಗೇ ಇರಲಿ" ಎಂದು ಇನ್ನು ಕೆಲವರು. ಎರಡು ಮಾತಿನ ಹಿಂದೆಯೂ ಒಂದೇ ತಪ್ಪು ತಿಳುವಳಿಕೆ ಇದೆ. ನಾವು ಬರೆದ ಲೆಕ್ಕದ ಕೂಡುವಿಕೆ ಸರಿ ಇದೆಯೋ ಎಂದು ನೋಡಿ, ಬಿಟ್ಟುಹೋದದ್ದನ್ನು ತುಂಬಿಸಿ, ಕೆಳಗೆ ಸಹಿ ಹಾಕುವುದೇ ಆಡಿಟ್ ಎಂದು ನಾವು ತಿಳಿದಿದ್ದೇವೆ. ನಿಜ ಹೇಳಬೇಕೆಂದರೆ, ಬಹಳ ವರ್ಷ ನಮ್ಮ ಕಚೇರಿಯಲ್ಲಿ ನಾವೂ ಹಾಗೆಯೇ ತಿಳಿದಿದ್ದೆವು. ಆ ತಿಳುವಳಿಕೆ ಬದಲಾದದ್ದು 2019ರಲ್ಲಿ, ಒಂದು ಸಂಘದ ಆಡಿಟ್ ನಡೆದಾಗ. ಆ ಸಂಘದ ಕಥೆಯನ್ನೇ ಇವತ್ತು ಹೇಳುತ್ತೇವೆ. ಸಂಘದವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಹೇಳುತ್ತಿದ್ದೇವೆ. ಹೆಸರು, ಊರು ಹೇಳುವುದಿಲ್ಲ. ನೀವೂ ಊಹಿಸಲು ಹೋಗಬೇಡಿ.

ಹದಿನೈದು ಜನರ ಸಂಘ. ಪ್ರತಿ ಬುಧವಾರ ಸಭೆ, ತಲಾ 50 ರೂಪಾಯಿ ಉಳಿತಾಯ. ಪುಸ್ತಕ ಬರೆಯುವ ಸಹೋದರಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಬೇರೆ ಸಂಘದವರಿಗೆ ಮಾದರಿ ಎಂದು ಆ ಪುಸ್ತಕಗಳನ್ನು ನಾವೇ ಎರಡು ಸಲ ತರಬೇತಿಯಲ್ಲಿ ತೋರಿಸಿದ್ದೆವು. 2019ರ ಮಾರ್ಚ್ 31ಕ್ಕೆ ಅವರ ಲೆಕ್ಕ ಹೀಗಿತ್ತು: ಕೈಯಲ್ಲಿ ನಗದು ರೂ. 1,240, ಬ್ಯಾಂಕಿನಲ್ಲಿ ರೂ. 38,460, ಸದಸ್ಯರಿಂದ ಬರಬೇಕಾದ ಸಾಲ ರೂ. 1,62,500. ಒಟ್ಟು ರೂ. 2,02,200. ಇನ್ನೊಂದು ಬದಿಯಲ್ಲಿ ಸದಸ್ಯರ ಉಳಿತಾಯ ರೂ. 1,35,000, ಸೇರಿಬಂದ ಲಾಭ ರೂ. 67,200. ಅದೂ ಒಟ್ಟು ರೂ. 2,02,200. ಎರಡೂ ಬದಿ ಪೈಸೆಗೆ ಪೈಸೆ ತಾಳೆ. ನಮ್ಮ ಕಚೇರಿಯ ಕಾರ್ಯಕರ್ತೆ ಹೋಗಿ ಎಲ್ಲ ಕೂಡಿ ನೋಡಿ, "ಪರಿಶೀಲಿಸಿದೆ, ಸರಿಯಾಗಿದೆ" ಎಂದು ಬರೆದು ಸಹಿ ಹಾಕಿ ಬಂದಿದ್ದರು.

ಈ ಲೆಕ್ಕದಲ್ಲಿ 3,000 ರೂಪಾಯಿ ಇರಲಿಲ್ಲ.

ಲೆಕ್ಕ ತಾಳೆಯಾಗಿಯೂ ಹಣ ಇಲ್ಲದಿರಲು ಹೇಗೆ ಸಾಧ್ಯ ಎಂದು ಕೇಳುತ್ತೀರಿ. ಅದನ್ನು ತಿಳಿಯಲು ಮೊದಲು ಲೆಕ್ಕ ಬರೆಯುವ ಕೆಲಸ ಬೇರೆ, ಆಡಿಟ್ ಕೆಲಸ ಬೇರೆ ಎಂಬುದನ್ನು ನೋಡಬೇಕು.

ಲೆಕ್ಕ ಬರೆಯುವವಳು ಕಾಳಿನಿಂದ ರಾಶಿಯ ಕಡೆಗೆ ಹೋಗುತ್ತಾಳೆ. ಇವತ್ತು ಇಂಥವರು 50 ರೂಪಾಯಿ ಕೊಟ್ಟರು, ಬರೆದಳು. ಇಂಥವರಿಗೆ ಸಾಲ ಕೊಟ್ಟೆವು, ಬರೆದಳು. ಒಂದೊಂದೇ ನಗದು ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿಂದ ಪ್ರತಿಯೊಬ್ಬರ ಸಾಲ-ಉಳಿತಾಯದ ಖಾತೆಗೆ, ಕೊನೆಗೆ ಮಾರ್ಚ್ 31ಕ್ಕೆ ಅಢಾವೆ ಪತ್ರಿಕೆಗೆ. ಅವಳ ಕೆಲಸ ನಡೆದದ್ದನ್ನು ನಡೆದ ದಿನವೇ ದಾಖಲಿಸುವುದು.

ಆಡಿಟರ್ ಬರುವುದು ರಾಶಿ ಹಾಕಿದ ಮೇಲೆ. ಅವರು ರಾಶಿಯಿಂದ ಕಾಳಿನ ಕಡೆಗೆ ಬರುತ್ತಾರೆ. "ಸಾಲ ಬಾಕಿ 1,62,500 ಎಂದು ನೀವು ಹೇಳುತ್ತೀರಿ. ಅದು ನಿಜ ಎಂದು ನಾನು ಯಾಕೆ ನಂಬಬೇಕು?" ಇದೇ ಅವರ ಪ್ರಶ್ನೆ. ಅವರು ಹೊಸ ಲೆಕ್ಕ ಬರೆಯುವುದಿಲ್ಲ. ಬರೆಯಲೂ ಬಾರದು. ತಾನೇ ಬರೆದ ಲೆಕ್ಕವನ್ನು ತಾನೇ ತಪಾಸಣೆ ಮಾಡಿದರೆ, ಮಕ್ಕಳು ತಮ್ಮ ಪರೀಕ್ಷೆಯ ಪೇಪರಿಗೆ ತಾವೇ ಅಂಕ ಹಾಕಿಕೊಂಡ ಹಾಗಾಯಿತು. ಆದ್ದರಿಂದ ಎರಡು ತಿಂಗಳ ಲೆಕ್ಕವನ್ನು ಆಡಿಟರ್ ತಲೆಗೆ ಕಟ್ಟಬೇಡಿ. ಅವರು ಬರೆದುಕೊಟ್ಟರೆ ಆ ಎರಡು ತಿಂಗಳಿಗೆ ನಿಮಗೆ ಆಡಿಟರೇ ಇಲ್ಲ.

ಹಾಗಾದರೆ ಅವರು ಕೇಳುವ "ಯಾಕೆ ನಂಬಬೇಕು" ಎಂಬುದಕ್ಕೆ ಉತ್ತರ ಎಲ್ಲಿದೆ? ಅದನ್ನೇ ಆಡಿಟ್ ಸಾಕ್ಷ್ಯ ಅನ್ನುತ್ತಾರೆ. ಭಾರತದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹೊರಡಿಸಿರುವ ಆಡಿಟ್ ಮಾನದಂಡಗಳಲ್ಲಿ 500ನೇ ಸಂಖ್ಯೆಯದು ಈ ಸಾಕ್ಷ್ಯದ ಬಗ್ಗೆಯೇ ಇದೆ. ಸಾಕ್ಷ್ಯದ ಬಗ್ಗೆ ಅದು ಕೇಳುವುದು ಎರಡು ವಿಷಯ: ಸಾಕಷ್ಟು ಇದೆಯೇ, ತಕ್ಕದ್ದಾಗಿದೆಯೇ. ನಾವು ಸಾಮಾನ್ಯವಾಗಿ ಮೊದಲನೆಯದರ ಬಗ್ಗೆ ಮಾತ್ರ ಚಿಂತೆ ಮಾಡುತ್ತೇವೆ, ಕಟ್ಟುಗಟ್ಟಲೆ ಓಚರ್ ಇಡುತ್ತೇವೆ. ಎರಡನೆಯದೇ ಮುಖ್ಯ. ಆ ಕಾಗದ ಯಾರ ಕೈಯಿಂದ ಬಂತು? ಲೆಕ್ಕ ಬರೆದವಳ ಕೈಯಿಂದಲೇ ಬಂದದ್ದೋ, ಹೊರಗಿನವರ ಕೈಯಿಂದ ಬಂದದ್ದೋ? ಹೊರಗಿನವರಿಂದ ಬಂದದ್ದಕ್ಕೆ ತೂಕ ಹೆಚ್ಚು. ಅಂಗಡಿಯವನ ಬಿಲ್ಲಿಗೆ ನಾವೇ ಬರೆದ ಓಚರಿಗಿಂತ ತೂಕ ಹೆಚ್ಚು. ಮೂಲ ಕಾಗದಕ್ಕೆ ಜೆರಾಕ್ಸ್‌ಗಿಂತ ಹೆಚ್ಚು. ಬಾಯಿಮಾತಿಗಿಂತ ಬರಹಕ್ಕೆ ಹೆಚ್ಚು. ಆಡಿಟರ್ ತಾವೇ ಕಣ್ಣಾರೆ ಎಣಿಸಿದ್ದಕ್ಕಂತೂ ಇನ್ನೂ ಹೆಚ್ಚು.

ಈಗ ಆ ಸಂಘಕ್ಕೆ ಬರೋಣ. ನಮ್ಮ ಒಕ್ಕೂಟಕ್ಕೆ ಆಡಿಟ್ ಮಾಡುವ ಕಚೇರಿಯಿಂದ ಒಬ್ಬ ಮೇಡಂ ಏಪ್ರಿಲ್ 24ರಂದು, ಬುಧವಾರ, ಸಭೆ ಶುರುವಾಗುವ ಮೊದಲೇ ಬಂದರು. ಕುಳಿತ ಕೂಡಲೇ ಪುಸ್ತಕ ಕೇಳಲಿಲ್ಲ. "ಪೆಟ್ಟಿಗೆ ತನ್ನಿ" ಅಂದರು. ನಮ್ಮವರಿಗೆ ಸ್ವಲ್ಪ ಬೇಸರವೇ ಆಯಿತು. ಬಂದ ಅತಿಥಿ ಕಾಫಿ ಕುಡಿಯುವ ಮೊದಲು ಹಣದ ಪೆಟ್ಟಿಗೆ ಕೇಳಿದರೆ ಯಾರಿಗೆ ಆಗುವುದಿಲ್ಲ ಹೇಳಿ. ಆದರೆ ಅದಕ್ಕೆ ಕಾರಣ ಇದೆ. ಪುಸ್ತಕ ಮೊದಲು ನೋಡಿದರೆ ಎಷ್ಟು ಇರಬೇಕು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ, ಕಡಿಮೆ ಇದ್ದರೆ ಯಾರದ್ದೋ ಪರ್ಸಿನಿಂದ ಬಂದು ಸೇರಬಹುದು.

ಪೆಟ್ಟಿಗೆಯಲ್ಲಿ ರೂ. 2,540 ಇತ್ತು. ಅಧ್ಯಕ್ಷೆಯ ಎದುರಿನಲ್ಲೇ ಎಣಿಸಿ, ನೋಟು ಎಷ್ಟು, ಚಿಲ್ಲರೆ ಎಷ್ಟು ಎಂದು ಬರೆದು, ಇಬ್ಬರ ಸಹಿ ಪಡೆದರು. ಆಮೇಲೆ ಪುಸ್ತಕ ತೆರೆದರು. ಏಪ್ರಿಲ್ 24ಕ್ಕೆ ಇರುವ ಹಣ ಮಾರ್ಚ್ 31ರ ಲೆಕ್ಕಕ್ಕೆ ಹೇಗೆ ಸಾಕ್ಷಿ ಅಂತೀರಾ? ಹಿಂದಕ್ಕೆ ನಡೆದರಾಯಿತು. ಏಪ್ರಿಲ್‌ನ ಮೂರು ಸಭೆಗಳಲ್ಲಿ ಉಳಿತಾಯ 2,250, ಕಂತು ಮತ್ತು ಬಡ್ಡಿ 6,200 ಬಂದಿತ್ತು. ಬ್ಯಾಂಕಿಗೆ 7,000 ಕಟ್ಟಿದ್ದರು, 150 ಖರ್ಚಾಗಿತ್ತು. ಎಣಿಸಿದ 2,540ಕ್ಕೆ ಹೊರಗೆ ಹೋದ 7,150 ಸೇರಿಸಿ, ಒಳಗೆ ಬಂದ 8,450 ಕಳೆದರೆ 1,240. ಮಾರ್ಚ್ 31ರ ನಗದು ಸರಿಯಾಗಿ ಬಂತು. ನಮಗೆ ಉಸಿರು ಬಂತು.

ಮುಂದೆ ಬ್ಯಾಂಕು. ನಗದು ಪುಸ್ತಕದಲ್ಲಿ 38,460, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಅದೇ ದಿನಕ್ಕೆ 40,960. ಖಜಾಂಚಿಯ ಮುಖ ಬಾಡಿತು. ಆದರೆ ಮೇಡಂ ಗಾಬರಿಯಾಗಲಿಲ್ಲ. ಮಾರ್ಚ್ 29ರಂದು ಸಭೆಯ ಜಮಖಾನೆ ಮತ್ತು ಬೀರುವಿಗೆ ಅಂಗಡಿಯವರಿಗೆ 2,500ರ ಚೆಕ್ ಕೊಟ್ಟಿದ್ದರು. ಅವರು ಅದನ್ನು ಬ್ಯಾಂಕಿಗೆ ಹಾಕಿದ್ದು ಏಪ್ರಿಲ್ 4ಕ್ಕೆ. ಏಪ್ರಿಲ್‌ನ ಪಾಸ್‌ಬುಕ್ ಪುಟದಲ್ಲಿ ಅದೇ ನಂಬರಿನ ಚೆಕ್, ಅದೇ ಮೊತ್ತ ಕಾಣಿಸಿತು. ಅಲ್ಲಿಗೆ ವ್ಯತ್ಯಾಸ ಬಗೆಹರಿಯಿತು. ಒಂದು ಮಾತು ಇಲ್ಲಿ ನೆನಪಿಡಿ. ಎರಡು ಲೆಕ್ಕದಲ್ಲಿ ವ್ಯತ್ಯಾಸ ಇರುವುದೇ ತಪ್ಪಲ್ಲ, ಆ ವ್ಯತ್ಯಾಸಕ್ಕೆ ಕಾರಣ ಕಾಗದದಲ್ಲಿ ಸಿಗದಿದ್ದರೆ ಮಾತ್ರ ತೊಂದರೆ. ಕೆಲವು ಸಂಘದವರು ಪಾಸ್‌ಬುಕ್ಕಿಗೆ ಸರಿಹೊಂದಲಿ ಎಂದು ನಗದು ಪುಸ್ತಕವನ್ನೇ ತಿದ್ದುತ್ತಾರೆ. ಅದು ಮಾಡಬಾರದ ಕೆಲಸ.

ಅನಂತರ ಖರ್ಚಿನ ಓಚರ್‌ಗಳು. ಎಲ್ಲವನ್ನೂ ನೋಡಲಿಲ್ಲ. ದೊಡ್ಡ ಮೊತ್ತದ್ದು ಎಲ್ಲ, ಸಣ್ಣದರಲ್ಲಿ ಅಲ್ಲಲ್ಲಿ ಆರಿಸಿ ನೋಡಿದರು. ಒಂದು ಓಚರ್: "ಬ್ಯಾಂಕಿಗೆ ಹೋಗಿ ಬಂದ ಆಟೋ ಖರ್ಚು ರೂ. 340." ಟಿಕೆಟ್ ಇಲ್ಲ, ಬಿಲ್ ಇಲ್ಲ. ಆಟೋದವನು ಬಿಲ್ ಕೊಡುತ್ತಾನೆಯೇ? ನಾವೇ ಬರೆದ ಚೀಟಿ, ನಾವೇ ಹಾಕಿದ ಸಹಿ. ಇದು ದುರ್ಬಲ ಸಾಕ್ಷ್ಯ. ಆದರೆ ಮೇಡಂ ಅಲ್ಲಿಗೇ ಬಿಡದೆ ನಡಾವಳಿ ಪುಸ್ತಕ ತೆರೆದರು. ಹಿಂದಿನ ವಾರದ ಸಭೆಯಲ್ಲಿ "ಸಾಲದ ಅರ್ಜಿಗಾಗಿ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಬ್ಯಾಂಕಿಗೆ ಹೋಗಿ ಬರುವುದು" ಎಂದು ತೀರ್ಮಾನ ಇತ್ತು. ಓಚರಿನ ದಿನವೇ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹಣ ಕಟ್ಟಿದ ನಮೂದು ಇತ್ತು. ಚೀಟಿಯೊಂದೇ ಇದ್ದರೆ ಹೆಚ್ಚು ನಂಬಲಾಗದು. ಚೀಟಿ, ನಡಾವಳಿ, ಬ್ಯಾಂಕಿನ ನಮೂದು ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ನಡಾವಳಿ ಪುಸ್ತಕಕ್ಕೂ ಲೆಕ್ಕಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ.

ಇಲ್ಲಿಯೇ ಇನ್ನೊಂದು ವಿಷಯ ಹೇಳಿಬಿಡುತ್ತೇವೆ, ಮುಜುಗರವಾದರೂ. ಆಡಿಟಿನ ಹಿಂದಿನ ರಾತ್ರಿ ಕುಳಿತು ಇಡೀ ವರ್ಷದ ಓಚರ್ ಬರೆಯುವ ಅಭ್ಯಾಸ ನಮ್ಮಲ್ಲಿ ಕೆಲವು ಕಡೆ ಇದೆ. ಹನ್ನೆರಡು ತಿಂಗಳ ಚೀಟಿಗಳಲ್ಲಿ ಒಂದೇ ಪೆನ್ನು, ಒಂದೇ ಶಾಯಿ. ಜೂನ್ ತಿಂಗಳ ಚೀಟಿ ಹೊಸ ಪುಸ್ತಕದ ಹಾಳೆಯಲ್ಲಿ, ಆ ಪುಸ್ತಕ ಕೊಂಡ ಬಿಲ್ ಜನವರಿಯದ್ದು. ಆಡಿಟರ್‌ಗೆ ಇದು ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಒಂದು ಓಚರ್ ಕಳೆದುಹೋಗಿದ್ದರೆ ಅದು ಒಂದು ಕೊರತೆ, ಅಷ್ಟೇ. ಹಾಗೆ ಸೃಷ್ಟಿಸಿದ ಒಂದು ಓಚರ್ ಸಿಕ್ಕಿಬಿದ್ದರೆ ಉಳಿದ ಐವತ್ತು ನಿಜವಾದ ಓಚರ್‌ಗಳ ತೂಕವೂ ಇಳಿಯುತ್ತದೆ. "ಇದು ಕಳೆದುಹೋಗಿದೆ ಮೇಡಂ" ಎಂದು ಹೇಳಿಬಿಡಿ.

ನಗದು ಸರಿ, ಬ್ಯಾಂಕು ಸರಿ, ಓಚರ್‌ಗಳೂ ಸರಿ. ನಮ್ಮ ಕಾರ್ಯಕರ್ತೆ ನಿಲ್ಲಿಸಿದ್ದು ಇಲ್ಲಿಗೇ. ನಾವಾಗಿದ್ದರೂ ಇಲ್ಲಿಗೇ ನಿಲ್ಲಿಸುತ್ತಿದ್ದೆವು.

ಮೇಡಂ ಮಾತ್ರ ಹೊರಟದ್ದು ಇನ್ನೊಂದು ದಾರಿಯಲ್ಲಿ. ಇಲ್ಲಿಯವರೆಗೆ ಅವರು ಪುಸ್ತಕದಿಂದ ಕಾಗದದ ಕಡೆಗೆ ಹೋಗುತ್ತಿದ್ದರು. ಪುಸ್ತಕದಲ್ಲಿ ಬರೆದದ್ದು ನಿಜವಾಗಿ ನಡೆದಿದೆಯೇ ಎಂಬುದು ಆ ದಾರಿಯಲ್ಲಿ ತಿಳಿಯುತ್ತದೆ. ಆದರೆ ನಡೆದದ್ದೆಲ್ಲ ಪುಸ್ತಕಕ್ಕೆ ಬಂದಿದೆಯೇ ಎಂಬುದು ಆ ದಾರಿಯಲ್ಲಿ ತಿಳಿಯುವುದೇ ಇಲ್ಲ. ಬರೆಯದೇ ಬಿಟ್ಟದ್ದನ್ನು ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗುತ್ತದೆಯೇ? ಅದಕ್ಕೆ ಹೊರಗಿನಿಂದ ಶುರುಮಾಡಿ ಪುಸ್ತಕದ ಕಡೆಗೆ ಬರಬೇಕು. ಆ ಹೊರಗಿನ ಕಾಗದ ಯಾವುದು ಗೊತ್ತೇ? ನಿಮ್ಮೆಲ್ಲರ ಕೈಯಲ್ಲಿರುವ ಸದಸ್ಯರ ಪಾಸ್ ಪುಸ್ತಕ.

ಸಾಲ ಇದ್ದವರು ಹನ್ನೊಂದು ಜನ. ಮೇಡಂ ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಕೇಳಿದರು, "ಅಕ್ಕಾ, ನಿಮ್ಮ ಸಾಲ ಎಷ್ಟು ಬಾಕಿ ಇದೆ?" ಖಾತೆ ಪುಸ್ತಕದ ಅಂಕಿ ಮೊದಲು ಹೇಳಲಿಲ್ಲ. "12,000 ಅಲ್ವಾ" ಎಂದು ಕೇಳಿದರೆ ನಮ್ಮ ಅಕ್ಕಂದಿರು "ಹೌದು" ಎಂದುಬಿಡುತ್ತಾರೆ, ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕು ಎಂದು. ಅವರ ಬಾಯಿಂದಲೇ ಬರಬೇಕು, ಆಮೇಲೆ ಪಾಸ್ ಪುಸ್ತಕ ನೋಡಬೇಕು. ಪುಸ್ತಕ ಬರೆಯುವವರು ಆಗ ಪಕ್ಕದಲ್ಲಿ ಇರಬಾರದು.

ಎಂಟು ಜನರದು ಸರಿಯಾಗಿತ್ತು. ಮೂರು ಜನರದು ಸರಿ ಇರಲಿಲ್ಲ.

ಆ ಮೂವರಲ್ಲಿ ಇಬ್ಬರಿಗೆ ಒಂದೇ ಹೆಸರು. ಊರಿನಲ್ಲಿ ಒಬ್ಬರನ್ನು ಮೇಲಿನ ಮನೆಯವರು, ಇನ್ನೊಬ್ಬರನ್ನು ಕೆಳಗಿನ ಮನೆಯವರು ಎಂದು ಕರೆಯುತ್ತಾರೆ. ಮೇಲಿನ ಮನೆಯವರ ಪಾಸ್ ಪುಸ್ತಕದಲ್ಲಿ ಬಾಕಿ 7,000, ಸಂಘದ ಖಾತೆಯಲ್ಲಿ 8,000. ಕೆಳಗಿನ ಮನೆಯವರ ಪಾಸ್ ಪುಸ್ತಕದಲ್ಲಿ 15,000, ಖಾತೆಯಲ್ಲಿ 14,000. ಒಬ್ಬರಿಗೆ ಸಾವಿರ ಹೆಚ್ಚು, ಇನ್ನೊಬ್ಬರಿಗೆ ಸಾವಿರ ಕಡಿಮೆ. ಡಿಸೆಂಬರ್ 19ರ ಸಭೆಯಲ್ಲಿ ಮೇಲಿನ ಮನೆಯವರು ಕಟ್ಟಿದ ಕಂತು ನಗದು ಪುಸ್ತಕಕ್ಕೆ ಸರಿಯಾಗಿಯೇ ಬಂದಿತ್ತು. ಅಲ್ಲಿಂದ ಖಾತೆಗೆ ಏರಿಸುವಾಗ ಕೆಳಗಿನ ಮನೆಯವರ ಪುಟಕ್ಕೆ ಹೋಗಿತ್ತು. ಇದು ಕೈತಪ್ಪು. ಇಂಥ ತಪ್ಪನ್ನು ತಾಳೆ ಎಂದಿಗೂ ಹಿಡಿಯುವುದಿಲ್ಲ, ಯಾಕೆಂದರೆ ಒಟ್ಟು ಮೊತ್ತ ಬದಲಾಗುವುದೇ ಇಲ್ಲ. ಸದಸ್ಯರ ಹೆಸರಿನ ಜೊತೆ ಸದಸ್ಯ ಸಂಖ್ಯೆ ಬರೆಯಿರಿ ಎಂದು ನಾವು ಹೇಳುತ್ತಲೇ ಇರುತ್ತೇವೆ, ನೀವು "ನಮಗೆ ನಮ್ಮವರು ಗೊತ್ತಿಲ್ವಾ ಸಿಸ್ಟರ್" ಎಂದು ನಗುತ್ತಲೇ ಇರುತ್ತೀರಿ.

ಮೂರನೆಯ ಸದಸ್ಯೆಯ ಪಾಸ್ ಪುಸ್ತಕದಲ್ಲಿ ಬಾಕಿ 9,000. ಸಂಘದ ಖಾತೆಯಲ್ಲಿ 12,000. ಈ 3,000ಕ್ಕೆ ಎದುರು ಜೋಡಿ ಎಲ್ಲಿಯೂ ಇಲ್ಲ. ಕೈತಪ್ಪಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಇಲ್ಲಿಯೇ. ಕೈತಪ್ಪಾಗಿ ಬೇರೆ ಪುಟಕ್ಕೆ ಹೋದ ಹಣ ಇನ್ನೆಲ್ಲೋ ಅಷ್ಟೇ ಮೊತ್ತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳಬೇಕು. ಇದು ಎಲ್ಲಿಯೂ ಕಾಣಿಸಲಿಲ್ಲ.

ಪಾಸ್ ಪುಸ್ತಕದಲ್ಲಿ ಎರಡು ನಮೂದು ಇತ್ತು. ಫೆಬ್ರವರಿ 8ಕ್ಕೆ 1,500, ಮಾರ್ಚ್ 9ಕ್ಕೆ 1,500. ಎರಡರ ಮುಂದೆಯೂ ಪುಸ್ತಕ ಬರೆಯುವವರ ಸಹಿ. ಮೇಡಂ ಕ್ಯಾಲೆಂಡರ್ ತೆಗೆಸಿದರು. ಸಂಘದ ಸಭೆ ಬುಧವಾರ. ಫೆಬ್ರವರಿ 8 ಶುಕ್ರವಾರ, ಮಾರ್ಚ್ 9 ಶನಿವಾರ. ಸಭೆ ಇಲ್ಲದ ದಿನ ಹಣ ಪಡೆದಿದ್ದಾರೆ. ಆ ಎರಡು ದಿನ ನಗದು ಪುಸ್ತಕದಲ್ಲಿ ಏನೂ ಇಲ್ಲ, ಮುಂದಿನ ಬುಧವಾರದ ಲೆಕ್ಕದಲ್ಲೂ ಇಲ್ಲ.

ಈಗ ಗೊತ್ತಾಯಿತಲ್ಲ, ಪೆಟ್ಟಿಗೆ ಯಾಕೆ ಸರಿಯಾಗಿ ಬಂತು ಎಂದು. ಆ ಹಣ ನಗದು ಪುಸ್ತಕಕ್ಕೂ ಬರಲಿಲ್ಲ, ಪೆಟ್ಟಿಗೆಗೂ ಬರಲಿಲ್ಲ. ಎರಡೂ ಕಡೆ ಇಲ್ಲದ್ದು ತಾಳೆಯಾಗದೆ ಇನ್ನೇನು? ಸದಸ್ಯೆ ಕಟ್ಟಿದ ಮೇಲೂ ಅವಳ ಸಾಲ 12,000 ಎಂದೇ ಖಾತೆಯಲ್ಲಿ ಉಳಿದದ್ದರಿಂದ ಅಢಾವೆ ಪತ್ರಿಕೆಯೂ ತಾಳೆಯಾಯಿತು. ಲೆಕ್ಕ ತಾಳೆಯಾಗಿದೆ ಎಂದರೆ ಪುಸ್ತಕ ಪುಸ್ತಕದ ಜೊತೆ ಒಪ್ಪಿದೆ ಎಂದಷ್ಟೇ ಅರ್ಥ, ಊರಿನಲ್ಲಿ ನಡೆದದ್ದರ ಜೊತೆ ಒಪ್ಪಿದೆ ಎಂದಲ್ಲ.

ಪುಸ್ತಕ ಬರೆಯುವ ಸಹೋದರಿಯನ್ನು ಕೇಳಿದಾಗ ಅವರು ಅಳತೊಡಗಿದರು. ಆ ಸದಸ್ಯೆ ಸಭೆಗೆ ಬರಲಾಗದೆ ಮನೆಗೆ ಹಣ ಕಳುಹಿಸಿದ್ದರಂತೆ. ಆ ಹೊತ್ತಿಗೆ ಇವರ ಮಗನನ್ನು ಆಸ್ಪತ್ರೆಗೆ ಸೇರಿಸಿದ್ದರು. ಮುಂದಿನ ವಾರ ಸೇರಿಸಿದರಾಯಿತು ಎಂದು ಖರ್ಚು ಮಾಡಿದರು. ಮುಂದಿನ ವಾರ ಆಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಂತು ಬಂದಾಗಲೂ ಅದೇ ಆಯಿತು. ಸಾಲ ಕೇಳಿದ್ದರೆ ಸಂಘ ಖಂಡಿತ ಕೊಡುತ್ತಿತ್ತು. ಕೇಳಲು ನಾಚಿಕೆಯಾಯಿತು ಎಂದರು.

ಮೇಡಂ ಆ ದಿನ ಮಾಡಿದ್ದನ್ನು ನೀವು ಗಮನಿಸಬೇಕು. ಅವರು ಗದರಿಸಲಿಲ್ಲ, ಕಳ್ಳಿ ಎನ್ನಲಿಲ್ಲ, ಸಮಾಧಾನ ಹೇಳಿ ಮುಚ್ಚಿಯೂ ಹಾಕಲಿಲ್ಲ. ಕಂಡದ್ದನ್ನು ಬರೆದರು: ಇಂಥ ಎರಡು ದಿನ ಪಡೆದ ರೂ. 3,000 ಲೆಕ್ಕಕ್ಕೆ ಬಂದಿಲ್ಲ, ಸದಸ್ಯರ ಪಾಸ್ ಪುಸ್ತಕದಿಂದ ಖಚಿತವಾಗಿದೆ, ಪುಸ್ತಕ ಬರೆಯುವವರು ಒಪ್ಪಿದ್ದಾರೆ. ಮುಂದೇನು ಮಾಡಬೇಕು ಎಂಬುದು ಸಂಘಕ್ಕೆ ಬಿಟ್ಟದ್ದು, ಅದು ಆಡಿಟರ್ ಕೆಲಸ ಅಲ್ಲ. ಲೆಕ್ಕ ತಿದ್ದಿದ್ದೂ ಸಂಘವೇ. ಸದಸ್ಯರ ಸಾಲ 1,62,500 ಇದ್ದದ್ದು 1,59,500 ಆಯಿತು. ಪುಸ್ತಕ ಬರೆಯುವವರಿಂದ ಬರಬೇಕಾದದ್ದು ಎಂದು 3,000 ಹೊಸದಾಗಿ ಸೇರಿತು. ಒಟ್ಟು ಮತ್ತೆ ಅದೇ 2,02,200. ಒಟ್ಟು ಮೊತ್ತ ಒಂದು ರೂಪಾಯಿಯೂ ಬದಲಾಗಲಿಲ್ಲ, ಆದರೆ ಹಣ ಯಾರ ಹತ್ತಿರ ಇದೆ ಎಂಬ ಸತ್ಯ ಬದಲಾಯಿತು. ಸಂಘ ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟಿತು, ಆ ಸಹೋದರಿ ಕಟ್ಟಿ ಮುಗಿಸಿದರು. ಇವತ್ತಿಗೂ ಅವರು ಸದಸ್ಯೆ, ಪುಸ್ತಕ ಮಾತ್ರ ಬೇರೆಯವರು ಬರೆಯುತ್ತಾರೆ.

ನಮ್ಮ ತಪ್ಪನ್ನೂ ಹೇಳಬೇಕು. "ಪರಿಶೀಲಿಸಿದೆ, ಸರಿಯಾಗಿದೆ" ಎಂಬ ನಮ್ಮ ಕಚೇರಿಯ ಸಹಿ ಆ ಪುಸ್ತಕದಲ್ಲಿ ಇತ್ತು. ಕಂತು ಕಟ್ಟಿದ ಆ ಸದಸ್ಯೆ ಅದನ್ನು ತೋರಿಸಿ ನಮ್ಮನ್ನು ಕೇಳಿದರು: "ಸಿಸ್ಟರ್, ನೀವು ನೋಡಿ ಸರಿ ಅಂದಿದ್ರಲ್ಲ? ಆಡಿಟ್‌ನವರು ಬರದಿದ್ರೆ ನಾನು 3,000 ಮತ್ತೆ ಕಟ್ಟಬೇಕಿತ್ತಾ?" ನಮಗೆ ಉತ್ತರ ಇರಲಿಲ್ಲ. ನಾವು ನೋಡಿದ್ದು ಕೂಡುವುದು, ಕಳೆಯುವುದು ಮಾತ್ರ. ಒಬ್ಬ ಸದಸ್ಯೆಯ ಪಾಸ್ ಪುಸ್ತಕವನ್ನೂ ತೆರೆದು ನೋಡಿರಲಿಲ್ಲ. ಈಗ ನಮ್ಮ ಕಾರ್ಯಕರ್ತೆಯರು ಏನು ನೋಡಿದರೋ ಅದನ್ನೇ ಬರೆಯುತ್ತಾರೆ: "ನಗದು ಎಣಿಸಿದೆ, ಐದು ಪಾಸ್ ಪುಸ್ತಕ ಖಾತೆಯ ಜೊತೆ ನೋಡಿದೆ" ಎಂದು. "ಸರಿಯಾಗಿದೆ" ಎಂಬ ಮಾತನ್ನು ಬಿಟ್ಟಿದ್ದೇವೆ.

ಹಾಗೆಂದು ಆಡಿಟರ್ ಎಲ್ಲವನ್ನೂ ಹಿಡಿಯುತ್ತಾರೆ ಎಂದು ತಿಳಿಯಬೇಡಿ. ಆ ಸಂಘದಲ್ಲಿ ಸಾಲ ಇದ್ದವರು ಹನ್ನೊಂದೇ ಜನ ಆದ್ದರಿಂದ ಎಲ್ಲರನ್ನೂ ಕೇಳಲು ಆಯಿತು. ನೂರಾರು ಸಂಘಗಳ ಒಕ್ಕೂಟದಲ್ಲಿ ಕೆಲವನ್ನು ಆರಿಸಿಯೇ ನೋಡಬೇಕಾಗುತ್ತದೆ. ಪುಸ್ತಕ ಬರೆಯುವವರು ಮತ್ತು ಸದಸ್ಯರು ಇಬ್ಬರೂ ಸೇರಿ ಒಂದೇ ಸುಳ್ಳು ಹೇಳಿದರೆ ಹಿಡಿಯುವುದು ಬಹಳ ಕಷ್ಟ. ಆದ್ದರಿಂದಲೇ ಆಡಿಟ್ ವರದಿಯಲ್ಲಿ "ಎಲ್ಲವೂ ಸರಿ ಎಂದು ಪ್ರಮಾಣೀಕರಿಸುತ್ತೇನೆ" ಎಂದು ಇರುವುದಿಲ್ಲ. ಲೆಕ್ಕಪತ್ರಗಳು ನಿಜವಾದ ಮತ್ತು ನ್ಯಾಯವಾದ ಚಿತ್ರ ಕೊಡುತ್ತವೆ ಎಂಬುದು "ನಮ್ಮ ಅಭಿಪ್ರಾಯ" ಎಂದು ಬರೆದಿರುತ್ತಾರೆ. ಅಭಿಪ್ರಾಯ ಎಂಬ ಪದವನ್ನು ಸುಮ್ಮನೆ ಹಾಕಿಲ್ಲ.

ಇನ್ನೂ ಒಂದು ಪ್ರಶ್ನೆ ಆ ದಿನ ಬಂತು, ಚಿಕ್ಕದಾಗಿ ಹೇಳುತ್ತೇವೆ. ಸರಿಯಾಗಿದ್ದ ಎಂಟು ಖಾತೆಗಳಲ್ಲಿ ಒಂದು, ಊರು ಬಿಟ್ಟು ಬೆಂಗಳೂರಿಗೆ ಹೋದ ಸದಸ್ಯೆಯದ್ದು. ಬಾಕಿ 6,000. ಮೇಡಂ ಫೋನಿನಲ್ಲಿ ಮಾತಾಡಿದರು, ಪಾಸ್ ಪುಸ್ತಕ ಅವರ ತಾಯಿಯ ಮನೆಯಲ್ಲಿತ್ತು, ತರಿಸಿ ನೋಡಿದರು, ಮೊತ್ತ ಸರಿ ಇತ್ತು. ಆದರೆ ಹದಿನಾಲ್ಕು ತಿಂಗಳಿಂದ ಒಂದು ಕಂತೂ ಬಂದಿರಲಿಲ್ಲ. ಸಾಲ ಇದೆ ಎಂಬುದಕ್ಕೆ ಸಾಕ್ಷ್ಯ ಇದೆ, ಅದು ವಾಪಸ್ ಬರುತ್ತದೆ ಎಂಬುದಕ್ಕೆ ಸಾಕ್ಷ್ಯ ಇಲ್ಲ. ಇವು ಎರಡು ಬೇರೆ ಪ್ರಶ್ನೆಗಳು. ವರದಿಯಲ್ಲಿ ಅದನ್ನು ವಸೂಲಾತಿ ಸಂಶಯವಿರುವ ಸಾಲ ಎಂದು ಬೇರೆಯಾಗಿ ತೋರಿಸಲು ಹೇಳಿದರು. ಲಾಭ ಹಂಚುವ ಮೊದಲು ಇಂಥ ಸಾಲ ಎಷ್ಟಿದೆ ಎಂದು ನೋಡಿಕೊಳ್ಳಿ, ಬರದ ಹಣವನ್ನು ಲಾಭ ಎಂದು ಹಂಚಿಬಿಟ್ಟೀರಿ.

ಭಾಷಣ ಮುಗಿಸುವಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯ ಸಹೋದರಿ ಎದ್ದು ಕೇಳಿದರು, "ಸಿಸ್ಟರ್, ನಮ್ಮಲ್ಲಿ ಎಲ್ಲರ ಪಾಸ್ ಪುಸ್ತಕ ಬರೆಯುವವರ ಹತ್ತಿರವೇ ಇರ್ತದೆ. ಮನೆಯಲ್ಲಿಟ್ರೆ ಮಕ್ಕಳು ಹರೀತಾರೆ, ಮಳೆಗೆ ನೆನೀತದೆ ಅಂತ. ಅದು ತಪ್ಪಾ?" ಸಭೆಯಲ್ಲಿ ಕೈ ಎತ್ತಲು ಹೇಳಿದೆವು. ಅರ್ಧಕ್ಕಿಂತ ಹೆಚ್ಚು ಸಂಘಗಳಲ್ಲಿ ಹಾಗೆಯೇ ಇದೆ ಎಂದು ತಿಳಿಯಿತು.

ಯೋಚಿಸಿ ನೋಡಿ. ಆ 3,000 ರೂಪಾಯಿ ಸಿಕ್ಕಿದ್ದು ಯಾಕೆ? ಆ ಸದಸ್ಯೆಯ ಪಾಸ್ ಪುಸ್ತಕ ಅವಳ ಮನೆಯಲ್ಲಿತ್ತು, ಹಣದ ಜೊತೆ ಅದನ್ನೂ ಕಳುಹಿಸಿ ಬರೆಸಿ ತರಿಸಿಕೊಂಡಿದ್ದಳು. ಅದು ಪುಸ್ತಕ ಬರೆಯುವವರ ಬೀರುವಿನಲ್ಲಿ ಇದ್ದಿದ್ದರೆ ಬರೆಯುವ ಕೈಯೂ ಒಂದೇ, ಇಟ್ಟುಕೊಳ್ಳುವ ಕೈಯೂ ಒಂದೇ. ಆಗ ಅದು ಹೊರಗಿನ ಸಾಕ್ಷ್ಯ ಆಗುವುದಿಲ್ಲ, ಖಾತೆ ಪುಸ್ತಕದ ಇನ್ನೊಂದು ನಕಲು ಅಷ್ಟೇ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಮ್ಮ ಟ್ರಂಕಿನಲ್ಲಿ ಇಡಿ. ರೇಷನ್ ಕಾರ್ಡು ಹಾಳಾಗದೆ ಇಟ್ಟಿದ್ದೀರಲ್ಲ, ಅದರ ಪಕ್ಕದಲ್ಲೇ ಇರಲಿ. ಹಣ ಕಟ್ಟುವ ಪ್ರತಿ ಬುಧವಾರವೋ ಭಾನುವಾರವೋ ಸಭೆಗೆ ತನ್ನಿ, ಎಲ್ಲರ ಎದುರು ಬರೆಸಿ, ಬಾಕಿ ಎಷ್ಟು ಎಂದು ಜೋರಾಗಿ ಓದಿಸಿ. ಓದಲು ಬಾರದವರು ಮನೆಗೆ ಹೋಗಿ ಮಗನ ಕೈಯಲ್ಲೋ ಮಗಳ ಕೈಯಲ್ಲೋ ಇನ್ನೊಮ್ಮೆ ಓದಿಸಿಕೊಳ್ಳಿ. ಸಭೆ ಇಲ್ಲದ ದಿನ ಯಾರ ಮನೆಗೂ ಹಣ ಕಳುಹಿಸಬೇಡಿ. ಸಭೆಗೆ ಬರಲು ಆಗದಿದ್ದರೆ ಪಕ್ಕದ ಮನೆಯ ಸದಸ್ಯೆಯ ಕೈಯಲ್ಲಿ ಹಣ ಮತ್ತು ಪಾಸ್ ಪುಸ್ತಕ ಎರಡನ್ನೂ ಸಭೆಗೇ ಕಳುಹಿಸಿ.

ಈ ತಿಂಗಳ ಕೊನೆಯೊಳಗೆ ಬೀರುವಿನಲ್ಲಿರುವ ಪಾಸ್ ಪುಸ್ತಕಗಳನ್ನೆಲ್ಲ ಸದಸ್ಯರಿಗೆ ಹಂಚಿ, ತಲುಪಿದ್ದಕ್ಕೆ ನಡಾವಳಿ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಆಡಿಟ್ ದಿನ ಪ್ರತಿಯೊಬ್ಬರೂ ತಮ್ಮ ಪಾಸ್ ಪುಸ್ತಕವನ್ನು ತಾವೇ ಹಿಡಿದು ಬರಬೇಕು.